ರಾತ್ರಿ ದಾರಿಯಲ್ಲಿ ಪೊಲೀಸರು ಕೈ ತೋರಿಸಿದರೆ

(ನಿವೃತ್ತ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಮಂಜೇಶ್ವರ ಸಮೀಪದ ಕಾಲೇಜೊಂದರ ವಿದ್ಯಾರ್ಥಿಗಳಿಗೆ ಮಾಡಿದ ಭಾಷಣ)

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಪ್ರೀತಿಯ ವಿದ್ಯಾರ್ಥಿಗಳೇ,

ಸ್ವಾಗತ ಭಾಷಣದಲ್ಲಿ ನನ್ನ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಆಗಿದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿಮ್ಮಲ್ಲಿ ಅನೇಕರಿಗೆ ರಾತ್ರಿ ಪ್ರಯಾಣ ತಪ್ಪಿದ್ದಲ್ಲ. ಮಂಗಳೂರಿನಲ್ಲಿ ಸಂಜೆಯ ಕೆಲಸ ಮುಗಿಸಿ ತಲಪಾಡಿ ದಾಟಿ ಬರುವವರಿದ್ದೀರಿ. ಯಕ್ಷಗಾನ, ಕೋಲ, ಮದುವೆಯ ಹಿಂದಿನ ದಿನದ ಊಟ ಎಂದು ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಒಳದಾರಿಗಳಲ್ಲಿ ಹನ್ನೆರಡು ಗಂಟೆಗೆ ಬೈಕಿನಲ್ಲಿ ಹೋಗುವವರಿದ್ದೀರಿ. ಅದು ಅಪರಾಧವಲ್ಲ. ಆದರೆ ನಮ್ಮದು ಗಡಿ ಪ್ರದೇಶ. ಮದ್ಯ, ಮಾದಕ ವಸ್ತು, ಹೊಳೆಯ ಹೊಯಿಗೆ ಎಲ್ಲವೂ ಸಾಗುವುದು ರಾತ್ರಿಯೇ. ಹಾಗಾಗಿ ಪೊಲೀಸರೂ ಅಬಕಾರಿಯವರೂ ರಾತ್ರಿ ದಾರಿಯಲ್ಲಿ ನಿಲ್ಲುತ್ತಾರೆ, ನಿಮ್ಮನ್ನೂ ನಿಲ್ಲಿಸುತ್ತಾರೆ. ನಿಲ್ಲಿಸಿದ ಮಾತ್ರಕ್ಕೆ ನೀವು ಆರೋಪಿಯಲ್ಲ.

ಮೊದಲ ಮಾತು, ಬೇರೆಲ್ಲ ಮರೆತರೂ ನೆನಪಿರಬೇಕಾದ ಮಾತು: ಓಡಬೇಡಿ.

ನನ್ನ ಸೇವಾವಧಿಯ ಒಂದು ರಾತ್ರಿ ಒಬ್ಬ ಹುಡುಗ ನಮ್ಮ ಜೀಪನ್ನು ಕಂಡದ್ದೇ ತಡ, ಬೈಕನ್ನು ರಸ್ತೆ ಬದಿಯಲ್ಲಿ ಬೀಳಿಸಿ ಅಡಿಕೆ ತೋಟಕ್ಕೆ ಹಾರಿದ. ಎಂಜಿನ್ ಇನ್ನೂ ಚಾಲೂ ಇತ್ತು, ಹಿಂದಿನ ಚಕ್ರ ತಿರುಗುತ್ತಲೇ ಇತ್ತು. ಟಾರ್ಚು ಹಿಡಿದು ಹುಡುಕಿದಾಗ ಸಿಕ್ಕಿದ್ದು ತೋಟದ ಕಣಿಯಲ್ಲಿ. ಸೊಂಟದವರೆಗೆ ಕೆಸರು, ಮೊಣಕೈಯಲ್ಲಿ ರಕ್ತ. ಬಳಿ ಏನೂ ಇರಲಿಲ್ಲ. ಹೆಲ್ಮೆಟ್ ಇರಲಿಲ್ಲ, ಲೈಸೆನ್ಸ್ ಮನೆಯಲ್ಲಿತ್ತು, ಅಷ್ಟೇ. ನಿಂತಿದ್ದರೆ ಒಂದು ದಂಡದ ಚೀಟಿಯಲ್ಲಿ ಮುಗಿಯುತ್ತಿತ್ತು. ಓಡಿದ್ದರಿಂದ ಬೈಕ್ ಕದ್ದದ್ದೇ, ಏನನ್ನಾದರೂ ಎಸೆದನೇ ಎಂದು ಬೆಳಗಿನವರೆಗೆ ವಿಚಾರಣೆ ನಡೆಯಿತು. ಅವನ ತಂದೆ ಮೊದಲ ಬಸ್ಸಿಗೆ ಠಾಣೆಗೆ ಬಂದರು, ಕಾಲಿಗೆ ಚಪ್ಪಲಿ ಹಾಕುವುದನ್ನೂ ಮರೆತು.

ಇನ್ನೊಂದನ್ನು ಇಲಾಖೆಯಲ್ಲಿದ್ದವನಾಗಿಯೇ ಹೇಳುತ್ತೇನೆ. ಹೆಲ್ಮೆಟ್ ಇಲ್ಲದ ಹುಡುಗನನ್ನು ಕತ್ತಲಲ್ಲಿ ಬೆನ್ನಟ್ಟುವುದು ತಪ್ಪು. ನಂಬರ್ ಬರೆದುಕೊಂಡರೆ ಮರುದಿನ ಮನೆಗೇ ಚಲನ್ ಹೋಗುತ್ತದೆ. ಇದನ್ನು ನನ್ನ ಕೈಕೆಳಗಿನವರಿಗೆ ಹೇಳಿ ಹೇಳಿ ಸಾಕಾಗಿದೆ. ಆದರೂ ಬೆನ್ನಟ್ಟುವವರು ಇರುತ್ತಾರೆ. ನಮ್ಮ ಒಳದಾರಿಗಳ ತಿರುವುಗಳು ನಿಮಗೆ ಗೊತ್ತೇ ಇವೆ. ನೀವು ನಿಂತರೆ ಬೆನ್ನಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಈಗ ನಿಂತಿರಿ ಎಂದುಕೊಳ್ಳೋಣ. ಗಾಡಿಯನ್ನು ಎಡಕ್ಕೆ ತೆಗೆದು ಎಂಜಿನ್ ಆಫ್ ಮಾಡಿ. ಕಾರಾದರೆ ಒಳಗಿನ ದೀಪ ಹಾಕಿ, ಎರಡೂ ಕೈಗಳು ಕಾಣುವಂತೆ ಸ್ಟಿಯರಿಂಗಿನ ಮೇಲಿಡಿ. ಅವಸರದಿಂದ ಕಿಸೆಗೆ, ಸೀಟಿನ ಕೆಳಗೆ ಕೈ ಹಾಕಬೇಡಿ. ಕತ್ತಲಲ್ಲಿ ನಿಂತಿರುವ ಪೊಲೀಸನಿಗೂ ಭಯವಿರುತ್ತದೆ ಮಕ್ಕಳೇ, ನೀವು ಯಾರೆಂದು ಅವನಿಗೆ ಗೊತ್ತಿಲ್ಲ. "ಲೈಸೆನ್ಸ್ ಬ್ಯಾಗಿನಲ್ಲಿದೆ, ತೆಗೆಯುತ್ತೇನೆ ಸಾರ್" ಎಂದು ಹೇಳಿ ತೆಗೆಯಿರಿ.

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 130ನೆಯ ಸೆಕ್ಷನ್ ಹಾಗೆನ್ನುತ್ತದೆ. ಕಾಗದ ಕೈಯಲ್ಲಿಲ್ಲದಿದ್ದರೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವುದು ಸಾಕು, ಅದಕ್ಕೂ ಕಾನೂನಿನ ಮಾನ್ಯತೆ ಇದೆ. ಒಳದಾರಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಇವತ್ತೇ ಮೊಬೈಲಿನಲ್ಲಿ ಇಳಿಸಿಟ್ಟುಕೊಳ್ಳಿ. ಊದಲು ಹೇಳಿದರೆ ಊದಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಹೊಸ ಕೊಳವೆ ಹಾಕಲು ಕೇಳಿಕೊಳ್ಳಬಹುದು. ದಂಡವಿದ್ದರೆ ಇ-ಚಲನ್ ಅಥವಾ ರಸೀದಿ ಕೇಳಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಯಾರದೋ ಖಾಸಗಿ ನಂಬರಿಗೂ ಕಳುಹಿಸಬೇಡಿ. ಹದಿನೆಂಟು ತುಂಬದವರು ಗಾಡಿ ಓಡಿಸಿದರೆ ಶಿಕ್ಷೆ ಹೆತ್ತವರಿಗೂ ಇದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮೊದಲ ವರ್ಷದವರು ಇದನ್ನು ಮನೆಯಲ್ಲಿ ಹೇಳಿ.

ಭಾಷೆಯ ವಿಷಯ ನಮ್ಮೂರಿನದೇ ಸಮಸ್ಯೆ. ತಿರುವನಂತಪುರ, ಕೊಲ್ಲಂ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಕನ್ನಡವಾಗಲಿ ತುಳುವಾಗಲಿ ತಿಳಿಯುವುದಿಲ್ಲ. ಅವರು ವೇಗವಾಗಿ ಕೇಳಿದ್ದು ನಿಮಗೆ ಅರ್ಧ ಅರ್ಥವಾಗಿ ನೀವು ಸುಮ್ಮನೆ ನಿಂತರೆ, ಹುಡುಗ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವರಿಗೆ ಅನ್ನಿಸುತ್ತದೆ. ಹೀಗೆ ಕೆಟ್ಟುಹೋದ ತಪಾಸಣೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. "ಮಲಯಾಳಂ ಕುರಚ್ಚೇ ಅರಿಯೂ ಸಾರ್" ಎಂದು ಮೊದಲೇ ಹೇಳಿಬಿಡಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹಾಗೆಯೇ, "ಎಡಾ" ಎಂದು ಕರೆಸಿಕೊಳ್ಳಬೇಕಾದ ಅಗತ್ಯವೂ ನಿಮಗಿಲ್ಲ. ಜನರೊಂದಿಗೆ ಗೌರವದಿಂದ ಮಾತನಾಡಬೇಕೆಂದು ಕೇರಳ ಹೈಕೋರ್ಟ್ 2021ರಲ್ಲಿ ಪೊಲೀಸರಿಗೆ ಸ್ಪಷ್ಟವಾಗಿ ಹೇಳಿದೆ. ಆದರೆ ರಾತ್ರಿ ಒಂದು ಗಂಟೆಗೆ ರಸ್ತೆಯಲ್ಲಿ ಅದರ ಬಗ್ಗೆ ವಾದಕ್ಕಿಳಿಯಬೇಡಿ. ನಾಮಫಲಕದಲ್ಲಿರುವ ಹೆಸರನ್ನು ನೆನಪಿಟ್ಟುಕೊಳ್ಳಿ, ದೂರನ್ನು ಮರುದಿನ ಬರೆಯಿರಿ.

ಮಾದಕ ವಸ್ತುವಿನ ಸಂಶಯದಲ್ಲಿ ಮೈ ತಪಾಸಣೆ ಮಾಡುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 50ನೆಯ ಸೆಕ್ಷನ್ ಅದು. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ, ನನ್ನನ್ನು ಅತ್ಯಂತ ನೋಯಿಸಿದ ಪ್ರಕರಣಗಳು ಇದರಲ್ಲೇ ಇವೆ. "ಈ ಕಟ್ಟನ್ನು ಉಪ್ಪಳದಲ್ಲಿ ಒಬ್ಬನಿಗೆ ಕೊಡು, ಪೆಟ್ರೋಲಿಗೆ ಐನೂರು ಇಟ್ಟುಕೋ" ಎನ್ನುವ ಗೆಳೆಯ ಗೆಳೆಯನಲ್ಲ. ಬಸ್ಸಿನಲ್ಲಿ ಬ್ಯಾಗು ಹಿಡಿದುಕೊಳ್ಳಲು ಹೇಳುವ ಅಪರಿಚಿತನೂ ಹಾಗೆಯೇ. ಕಟ್ಟಿನೊಳಗೆ ಏನಿದೆ ಎಂದು ಗೊತ್ತಿರಲಿಲ್ಲ ಎಂದು ಹೇಳುವುದು ಸುಲಭ. ಅದನ್ನು ನ್ಯಾಯಾಲಯದಲ್ಲಿ ಸಾಧಿಸಲು ವರ್ಷಗಳು ಬೇಕು. ಅಷ್ಟರಲ್ಲಿ ಪರೀಕ್ಷೆ, ಪಾಸ್‌ಪೋರ್ಟ್, ಗಲ್ಫಿನ ಕೆಲಸ ಎಲ್ಲವೂ ಕೈತಪ್ಪಿರುತ್ತದೆ. ತೆರೆದು ನೋಡದ ಕಟ್ಟನ್ನು ಯಾರದ್ದೇ ಆದರೂ ಒಯ್ಯಬೇಡಿ. ಸ್ವಂತ ಅಣ್ಣ ಕೊಟ್ಟರೂ ಬೇಡ.

"ಠಾಣೆಗೆ ಬಾ" ಎಂದರೆ ಏನು ಮಾಡಬೇಕು? ವಿನಯದಿಂದ ಒಂದೇ ಪ್ರಶ್ನೆ ಕೇಳಿ: "ಸಾರ್, ನನ್ನನ್ನು ಬಂಧಿಸಿದ್ದೀರಾ?" ಉತ್ತರ ಹೌದು ಎಂದಾದರೆ ಹಲವು ಹಕ್ಕುಗಳು ಆ ಕ್ಷಣದಿಂದಲೇ ನಿಮ್ಮವು. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಬೇಕು. ಸಾಕ್ಷಿಯ ಸಹಿಯೊಂದಿಗೆ ಬಂಧನ ಪತ್ರ ತಯಾರಾಗಬೇಕು. ಮನೆಯವರಿಗೆ ಅಥವಾ ನೀವು ಹೇಳಿದವರಿಗೆ ಸುದ್ದಿ ಮುಟ್ಟಬೇಕು. ವೈದ್ಯಕೀಯ ಪರೀಕ್ಷೆ ಆಗಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಎಷ್ಟೋ ಸಂಗತಿಗಳು ಇಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಇವೆ. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಒತ್ತಿ ಹೇಳಿದೆ. ಕಾಸರಗೋಡಿನ ಕನ್ನಡಿಗರು ಈ ತೀರ್ಪನ್ನು ಮನೆಮನೆಯಲ್ಲಿ ತಿಳಿದಿರಬೇಕು ಎಂದು ನನ್ನ ಆಸೆ. ಮಲಯಾಳದಲ್ಲಿ ಬರೆದ ಕಾಗದಕ್ಕೆ ಓದಲಾಗದೆ ಸಹಿ ಹಾಕಬೇಡಿ. "ಓದಿ ಹೇಳಿ, ಕನ್ನಡದಲ್ಲಿ ತಿಳಿಸಿ" ಎನ್ನಿ. ಸಾಕ್ಷಿಯಾಗಿ ಪೊಲೀಸರಿಗೆ ಕೊಟ್ಟ ಹೇಳಿಕೆಗಾದರೆ ಸಹಿಯನ್ನೇ ಹಾಕಿಸಿಕೊಳ್ಳುವಂತಿಲ್ಲ.

ಹೆಣ್ಣುಮಕ್ಕಳು ಗಮನವಿಟ್ಟು ಕೇಳಿ. ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಾತ್ರ ಬಂಧಿಸಬಹುದು. ನಿರ್ಜನ ಜಾಗದಲ್ಲಿ ಸಮವಸ್ತ್ರವಿಲ್ಲದವರು ಪೊಲೀಸರೆಂದು ಹೇಳಿ ಅಡ್ಡ ನಿಂತರೆ ಇಳಿಯಬೇಡಿ. ಗಾಜನ್ನು ಅರ್ಧ ಮಾತ್ರ ಇಳಿಸಿ, ಗುರುತಿನ ಚೀಟಿ ಕೇಳಿ. 112ಕ್ಕೆ ಕರೆ ಮಾಡಿ ನೀವಿರುವ ಜಾಗ ಹೇಳಿ. ಹತ್ತಿರದ ಪೆಟ್ರೋಲ್ ಪಂಪಿನ ಬೆಳಕಿನಲ್ಲಿ ನಿಲ್ಲುತ್ತೇನೆ ಎಂದು ತಿಳಿಸಿ ನಿಧಾನವಾಗಿ ಮುಂದೆ ಹೋಗಿ. ನಿಜವಾದ ಪೊಲೀಸನಿಗೆ ಇದರಿಂದ ಬೇಸರವಾಗಬಾರದು. ಪಿಂಕ್ ಪೊಲೀಸ್ ಗಸ್ತಿನ ಸಂಖ್ಯೆ 1515. ಎರಡನ್ನೂ ಈಗಲೇ ಮೊಬೈಲಿನಲ್ಲಿ ಬರೆದುಕೊಳ್ಳಿ, ನಾನು ಕಾಯುತ್ತೇನೆ.

ಇನ್ನು ಕೆಲವೊಮ್ಮೆ ನಿಲ್ಲಿಸುವವರು ಪೊಲೀಸರೇ ಅಲ್ಲ. ಹುಡುಗ ಹುಡುಗಿ ಒಂದೇ ಬೈಕಿನಲ್ಲಿ ಹೋದರೆಂದು ಅಡ್ಡಗಟ್ಟಿ ಹೆಸರು, ಜಾತಿ, ಮತ ಕೇಳುವ ಗುಂಪುಗಳು ಗಡಿಯ ಈಚೆಯೂ ಇವೆ, ಆಚೆಯೂ ಇವೆ. ಅವರಿಗೆ ಯಾವ ಅಧಿಕಾರವೂ ಇಲ್ಲ. ತನ್ನ ಕಣ್ಣೆದುರೇ ಜಾಮೀನಿಲ್ಲದ ಗಂಭೀರ ಅಪರಾಧ ನಡೆದರೆ ಮಾತ್ರ, ಅಥವಾ ಘೋಷಿತ ಅಪರಾಧಿಯನ್ನು ಕಂಡರೆ, ಸಾಮಾನ್ಯ ನಾಗರಿಕ ಒಬ್ಬನನ್ನು ಹಿಡಿಯಬಹುದು. ಆಗಲೂ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಜೊತೆಯಾಗಿ ಪ್ರಯಾಣ ಮಾಡುವುದು ಯಾವ ಅಪರಾಧವೂ ಅಲ್ಲ. ಅಡ್ಡಗಟ್ಟುವುದೇ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 126ನೆಯ ಸೆಕ್ಷನ್. ಗುಂಪಿನ ಎದುರು ವಾದ ಬೇಡ, ಉತ್ತರವೂ ಬೇಡ. 112ಕ್ಕೆ ಕರೆ ಮಾಡಿ ಮೊಬೈಲನ್ನು ಚಾಲೂ ಇಡಿ. ಬರುವ ಪೊಲೀಸರು ನಿಮ್ಮನ್ನು ರಕ್ಷಿಸಬೇಕಾದವರು, ನಿಮಗೆ ಬುದ್ಧಿ ಹೇಳಬೇಕಾದವರಲ್ಲ. ನನ್ನ ಮಾಜಿ ಸಹೋದ್ಯೋಗಿಗಳ ಎದುರಿಗೂ ಈ ಮಾತನ್ನು ಹೇಳುತ್ತೇನೆ.

ಒಬ್ಬ ವಿದ್ಯಾರ್ಥಿನಿ ಚೀಟಿ ಕಳುಹಿಸಿದ್ದಾರೆ: "ಮೊಬೈಲ್ ಕೊಡು, ವಾಟ್ಸಾಪ್ ನೋಡಬೇಕು ಎಂದರೆ?" ಒಳ್ಳೆಯ ಪ್ರಶ್ನೆ. ದಾರಿಯಲ್ಲಿ ನಿಲ್ಲಿಸಿದ ಪ್ರತಿಯೊಬ್ಬರ ಮೊಬೈಲನ್ನು ಬಿಚ್ಚಿ ಓದುವುದು ತಪಾಸಣೆಯ ಭಾಗವಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಹೇಳಿದ್ದಾರೆ. ತನಿಖೆಗೆ ಬೇಕಿದ್ದರೆ ಲಿಖಿತ ಆದೇಶದ ಮೂಲಕ ಕೇಳುವ ದಾರಿ ಪೊಲೀಸರಿಗಿದೆ. "ಲಿಖಿತವಾಗಿ ಕೊಡಿ ಸಾರ್, ಸಹಕರಿಸುತ್ತೇನೆ" ಎನ್ನಿ. ಕಸಿದುಕೊಂಡರೆ ಎಳೆದಾಡಬೇಡಿ. ಯಾರು ತೆಗೆದುಕೊಂಡರು, ಎಷ್ಟು ಹೊತ್ತಿಗೆ, ಎಲ್ಲಿ ಎಂಬುದನ್ನು ನೆನಪಿಡಿ.

ವೀಡಿಯೊ ಮಾಡಬಹುದೇ ಎಂದು ಅದೇ ಚೀಟಿಯ ಹಿಂದೆ ಕೇಳಿದ್ದಾರೆ. ಮಾಡಬಹುದು. ಪೊಲೀಸರ ಕೆಲಸವನ್ನು ಕಾನೂನುಬದ್ಧವಾಗಿ ಚಿತ್ರೀಕರಿಸುವುದನ್ನು ತಡೆಯಬಾರದೆಂದು 2011ರ ಕೇರಳ ಪೊಲೀಸ್ ಕಾಯ್ದೆಯ 33ನೆಯ ಸೆಕ್ಷನ್ನಿನಲ್ಲೇ ಇದೆ. ಮುಖಕ್ಕೆ ಹಿಡಿದು ಕೆರಳಿಸಬೇಡಿ, ಕೆಲಸಕ್ಕೆ ಅಡ್ಡಿ ಮಾಡಬೇಡಿ, ಎರಡು ಹೆಜ್ಜೆ ದೂರ ನಿಂತು ತೆಗೆಯಿರಿ. ತೆಗೆದದ್ದನ್ನು ಆ ರಾತ್ರಿಯೇ ಗುಂಪುಗಳಿಗೆ ಹಂಚಬೇಡಿ. ದೂರಿನ ಜೊತೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅಥವಾ ಪೊಲೀಸ್ ದೂರು ಪ್ರಾಧಿಕಾರಕ್ಕೆ ಕೊಡಿ. ದೂರನ್ನು ಕನ್ನಡದಲ್ಲೇ ಬರೆಯಬಹುದು. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.

ಇನ್ನೂ ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನವರು ಎದ್ದು ನಿಂತು, ಸ್ವಲ್ಪ ಗಟ್ಟಿಯಾಗಿ.