ಗುಬ್ಬಿಯ ಅವರೆಕಾಳು

ಕೋಲಾರದ ಹಳ್ಳಿ ಶಾಲೆಯ ವಾರ್ಷಿಕೋತ್ಸವಕ್ಕೆ, ನಾಲ್ಕು–ಐದನೇ ತರಗತಿಯ 40 ಮಕ್ಕಳು ಆಡುವ 12 ನಿಮಿಷದ ನಾಟಕ.

ಪಾತ್ರಗಳು: ಗುಬ್ಬಿ, ಬಡಗಿ, ಗೌಡ, ಗೌಡತಿ, ಕೋಲು, ಇರುವೆ ತಲಾ 1, ಮೇಳ 8, ತಮಟೆ 2, ಹುಣಸೆಮರ 5, ಹಾವು 4, ಬೆಂಕಿ 5, ಕೆರೆ 6, ಆನೆ 4.

ಇರೋದು ಒಂದೇ ಮೈಕು. ಅದು ಮೇಳದ ಮುಂದೆಯೇ ಇರಲಿ. ಪ್ರತಿ ಉತ್ತರದ ಕೊನೆಯ ಮಾತನ್ನು ಮೇಳ ಮತ್ತೆ ಹೇಳುತ್ತದೆ. ಯಾವ ಮಗುವಿನ ದನಿ ಅಡಗಿದರೂ ಕಥೆ ನಿಲ್ಲುವುದಿಲ್ಲ. ತೀರಾ ನಾಚುವವರನ್ನು ಮರ ಮಾಡಿ ನಿಲ್ಲಿಸುವ ರೂಢಿ ಬೇಡ: ಹನ್ನೆರಡು ನಿಮಿಷ ಜನರಿಗೆ ಮುಖ ಕೊಟ್ಟು ಅಲ್ಲಾಡದೆ ನಿಲ್ಲೋದು ಅವರಿಗೆ ಎಲ್ಲಕ್ಕಿಂತ ಕಷ್ಟ. ಅವರು ಆನೆಯ ಹಿಂದಿನ ಮೂವರಾಗಲಿ, ಹಾವಿನ ಬಾಲವಾಗಲಿ. ಎಲ್ಲರಿಗಿಂತ ನಾಚುವ ಮಗು ಇರುವೆ. ಅದಕ್ಕೆ ಮಾತೇ ಇಲ್ಲ.

ಆನೆಗೆ ಕಂಬಳಿ ಹೊದಿಸಬೇಡಿ, ಒಳಗೆ ಸೆಕೆಗೆ ಅಳು ಬರುತ್ತದೆ. ಬೂದು ಬಣ್ಣದ ತೆಳು ದುಪ್ಪಟಿಯನ್ನು ಮುಂದಿನವನ ಹೆಗಲಿಗೆ ಪಿನ್ನು ಹಾಕಿ, ಇಲ್ಲವಾದರೆ ಹಿಂದಿನವರು ತುಳಿದು ಜಾರುತ್ತದೆ. ಸೊಂಡಿಲಿಗೆ ಹಳೇ ಪ್ಯಾಂಟಿನ ಒಂದು ಕಾಲು. ಕೆರೆಗೆ ಎರಡು ನೀಲಿ ಸೀರೆ, ಸೀರೆಗೆ ಮೂವರು. ಬೆಂಕಿಗೆ ಕೇಸರಿ ದಾವಣಿ. ದೀಪ, ಕಡ್ಡಿ ಯಾವುದೂ ಬೇಡ.

(ನಡುವೆ ಹುಣಸೆಮರ: ಒಬ್ಬ ಕಾಂಡ, ನಾಲ್ವರು ಕೊಂಬೆ. ಪರದೆ ಏಳುವ ಮೊದಲೇ ಇರುವೆ ಮರದ ಹಿಂದೆ ಕೂತಿರಬೇಕು.)

ಗುಬ್ಬಿ: ಅಯ್ಯೋ! ಗೌಡರ ಹೊಲದಾಗೆ ಆರಿಸಿ ತಂದ ಸೊಗಡವರೆ ಕಾಳು, ಮರದ ಸೀಳಿಗೆ ಬಿದ್ದೋಯ್ತು!

ಮೇಳ:
ಒಂದೇ ಕಾಳು ಒಂದೇ ಕಾಳು
ಮರದ ಸೀಳಲಿ ಬಿತ್ತಲ್ಲಾ
ಹೋಗೇ ಗುಬ್ಬಿ ಇನ್ನೊಂದು ಮನೆಗೆ
ಇಲ್ಲಿ ನಿನ್ನೋರಿಲ್ಲಲ್ಲಾ!

(ಪ್ರತಿ ನಿರಾಕರಣೆಗೂ ಈ ಪದ. ಅಷ್ಟರಲ್ಲಿ ಮುಂದಿನ ಪಾತ್ರ ಒಳಗೆ ಬರಬೇಕು. ಬಂದವರು ಎದ್ದು ಹೋಗುವುದಿಲ್ಲ, ಅಲ್ಲೇ ಕೂರುತ್ತಾರೆ.)

ಗುಬ್ಬಿ: ಬಡಗಣ್ಣ, ಮರ ಸೀಳಿ ಕಾಳು ತೆಕ್ಕೊಡು.

ಬಡಗಿ: ಒಂದು ಕಾಳಿಗೆ ಉಳಿ ಹಿಡಿದ್ರೆ ಕೂಲಿ ಯಾರು ಕೊಡ್ತಾರೆ? ಆಗಲ್ಲ!

ಗುಬ್ಬಿ: ಗೌಡಪ್ಪ, ಬಡಗಿಗೆ ಬುದ್ಧಿ ಹೇಳು.

ಗೌಡ: ಒಂದು ಕಾಳಿಗೆ ಪಂಚಾಯ್ತಿ ಸೇರಿಸ್ಲಾ? ಆಗಲ್ಲ!

ಗುಬ್ಬಿ: ಗೌಡತಮ್ಮ, ಗೌಡಪ್ಪನ ಜೊತೆ ಮಾತು ಬಿಡು.

ಗೌಡತಿ: ಹಿತಕಬೇಳೆ ಸಾರು ಒಲೆ ಮೇಲೈತೆ. ಮುನಿಸ್ಕೊಳ್ಳಾಕೆ ಪುರುಸೊತ್ತೆಲ್ಲಿ? ಆಗಲ್ಲ!

ಗುಬ್ಬಿ: ಹಾವಪ್ಪ, ಗೌಡತಮ್ಮನ್ನ ಹೆದರಿಸು.

ಹಾವು (ತಲೆ ಮಾತ್ರ): ಸಾರಿನ ಸೌಟು ನೋಡಿದ್ಯಾ? ಆಗಲ್ಲ!

ಗುಬ್ಬಿ: ಕೋಲಣ್ಣ, ಹಾವನ್ನ ಓಡಿಸು.

ಕೋಲು: ನಡು ನೋವು. ಆಗಲ್ಲ!

ಗುಬ್ಬಿ: ಬೆಂಕಿಯಕ್ಕ, ಕೋಲನ್ನ ಸುಡು.

ಬೆಂಕಿ (ಐವರೂ): ಆಗಲ್ಲ!

ಗುಬ್ಬಿ: ಕೆರೆಯಮ್ಮ, ಬೆಂಕಿ ಆರಿಸು.

ಕೆರೆ: ಎಷ್ಟೋ ವರ್ಷಕ್ಕೆ ಈಗ ತುಂಬಿವ್ನಿ. ಇರೋ ನೀರು ಯಾಕೆ ಚೆಲ್ಲಲಿ? ಆಗಲ್ಲ!

ಗುಬ್ಬಿ: ಆನೆಯಣ್ಣ, ಕೆರೆ ನೀರು ಕುಡಿದ್ಬಿಡು.

ಆನೆ: ಹೊಟ್ಟೆ ತುಂಬೈತೆ. ಆಗಲ್ಲ!

(ತಮಟೆ ನಿಲ್ಲುತ್ತದೆ. ಗುಬ್ಬಿ ಮರದ ಬುಡದಲ್ಲಿ ಕೂತು ಅಳುತ್ತದೆ. ಇರುವೆ ಹೊರಗೆ ಬಂದು ಗುಬ್ಬಿಯ ಕಣ್ಣು ಒರೆಸಿ, ನೆಲಕ್ಕೆ ಬಿದ್ದ ಸೊಂಡಿಲೊಳಗೆ ಕೈ ಹಾಕುತ್ತದೆ. ಇರುವೆ ಹೊರಗೆ ಬಾರದಿದ್ದರೆ ಕರೆಯಬೇಡಿ, ನೂಕಬೇಡಿ. ಆನೆಯೇ ಹೋಗಿ ಮರದ ಹಿಂದಕ್ಕೆ ಸೊಂಡಿಲು ಚಾಚಲಿ. ನೋಡುವವರಿಗೆ ಅದೂ ಕಥೆಯೇ.)

ಆನೆ: ಅಯ್ಯಯ್ಯೋ, ಸೊಂಡಿಲಾಗೆ ಇರುವೆ! ಕುಡೀತೀನಿ, ಕುಡೀತೀನಿ!

(ಇಲ್ಲಿಂದ ಒಂದು ಮಾತಿಗೆ ತಮಟೆಯ ಒಂದೇ ಏಟು. ಏಟು ಬೀಳದೆ ಯಾರೂ ಬಾಯಿ ತೆರೆಯಬಾರದು, ಇಲ್ಲದಿದ್ದರೆ ಎಲ್ಲರೂ ಒಟ್ಟಿಗೆ ಕೂಗಿ ಗದ್ದಲವಾಗುತ್ತದೆ.)

ಕೆರೆ: ಕುಡೀಬೇಡ, ಬೆಂಕಿ ಆರಿಸ್ತೀನಿ!

ಬೆಂಕಿ: ಆರಿಸ್ಬೇಡ, ಕೋಲು ಸುಡ್ತೀವಿ!

ಕೋಲು: ಸುಡಬೇಡಿ, ಹಾವು ಓಡಿಸ್ತೀನಿ!

ಹಾವು: ಓಡಿಸ್ಬೇಡ, ಗೌಡತೀನ ಹೆದರಿಸ್ತೀನಿ!

ಗೌಡತಿ: ಬ್ಯಾಡಪ್ಪ, ಮಾತು ಬಿಡ್ತೀನಿ!

ಗೌಡ: ಬಿಡಬೇಡ ಕಣೇ! ಏ ಬಡಗಿ, ತೆಗಿಯೋ ಉಳಿ!

(ಬಡಗಿ ಉಳಿ ಎತ್ತುತ್ತಾನೆ. ಉಳಿ ರಟ್ಟಿನದ್ದೇ ಆಗಿರಲಿ.)

ಕಾಂಡ: ತಡೀರಪ್ಪೋ! ಊರೆಲ್ಲ ಸುತ್ತಿದ್ರಿ, ಯಾರಾನ ನನ್ನ ಕೇಳಿದ್ರಾ?

(ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೂರು ಎಣಿಸುವಷ್ಟು ಮೌನ. ನಗು ಬರುವುದು ಇಲ್ಲೇ, ಅವಸರ ಮಾಡಬೇಡಿ.)

ಗುಬ್ಬಿ: ಹುಣಸಮ್ಮ... ನನ್ನ ಕಾಳು ಕೊಡ್ತೀಯಾ?

(ಕೊಂಬೆಗಳು ಬಿಚ್ಚಿಕೊಳ್ಳುತ್ತವೆ. ಕಾಂಡದ ಅಂಗೈಲಿ ಕಾಳು. ದೂರ ಕೂತವರಿಗೂ ಕಾಣಬೇಕು, ಹಸಿರು ಬಳಿದ ನಿಂಬೆಗಾತ್ರದ ಕಾಗದದ ಉಂಡೆ. ಗುಬ್ಬಿ ಅದನ್ನು ಎರಡು ಹೋಳು ಮಾಡಿ ಒಂದನ್ನು ಇರುವೆಯ ಕೈಗಿಡುತ್ತದೆ.)

ಮೇಳ:
ಒಂದೇ ಕಾಳು ಎರಡೇ ಹೋಳು
ಇರುವೆಗರ್ಧ ಸಿಕ್ತಲ್ಲಾ!

(ತಮಟೆ ಜೋರು. ದುಪ್ಪಟಿ, ಸೀರೆ ಸರಿಸಿ ಒಳಗಿದ್ದವರೆಲ್ಲ ಮುಖ ತೋರಿಸುತ್ತಾರೆ. ಬೇಡ ಅನ್ನುವವರು ಒಳಗೇ ಇರಬಹುದು. ಪರದೆ.)