ಪರಿಷೆಯಲ್ಲಿ ನಿಂತವರಿಗೆ ನಮ್ಮ ಅಡ್ಡರಸ್ತೆಯಿಂದ ಒಂದು ಕಾಗದ

ಬಸವನಗುಡಿ, ಬೆಂಗಳೂರು
30 ನವೆಂಬರ್ 2024, ಶನಿವಾರ

ಇವರಿಗೆ,
ಇನ್‌ಸ್ಪೆಕ್ಟರ್ ಅವರು,
ಬಸವನಗುಡಿ ಸಂಚಾರ ಪೊಲೀಸ್ ಠಾಣೆ, ಬೆಂಗಳೂರು

ಪ್ರತಿ: ಜಂಟಿ ಪೊಲೀಸ್ ಆಯುಕ್ತರು, ಸಂಚಾರ ವಿಭಾಗ, ಬೆಂಗಳೂರು ನಗರ

ವಿಷಯ: ಕಡಲೆಕಾಯಿ ಪರಿಷೆಯಲ್ಲಿ ಕೆಲಸ ಮಾಡಿದ ನಿಮ್ಮ ಸಿಬ್ಬಂದಿಗೆ ಥ್ಯಾಂಕ್ಸ್ ಹೇಳುವುದಕ್ಕೆ

ಮಾನ್ಯರೇ,

ನಾವು ಬುಲ್ ಟೆಂಪಲ್ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯ 23 ಮನೆಗಳವರು. ದೊಡ್ಡ ಗಣಪತಿ ದೇವಸ್ಥಾನಕ್ಕೆ ನಮ್ಮ ಬೀದಿಯಿಂದ ಐದು ನಿಮಿಷದ ನಡಿಗೆ. ಪರಿಷೆಯ ದಿನ ಮಾತ್ರ ಅದೇ ದಾರಿಗೆ ಮುಕ್ಕಾಲು ಗಂಟೆ. ಕಾರ್ತಿಕದ ಕೊನೆಯ ಸೋಮವಾರ ಬಂತೆಂದರೆ ನಮಗೆ ಒಂದು ಕಡೆ ಸಡಗರ, ಇನ್ನೊಂದು ಕಡೆ ದಿಗಿಲು. ಕಡಲೆಕಾಯಿ ಬೇಯುವ ವಾಸನೆ ಮನೆಯೊಳಗೇ ಬರುತ್ತದೆ. ಮನೆಯಿಂದ ಸ್ಕೂಟರ್ ಹೊರಗೆ ತೆಗೆಯುವ ಮಾತು ಮಾತ್ರ ಇಲ್ಲ.

ನಿಜ ಹೇಳಬೇಕೆಂದರೆ, ನಾವು ಪೊಲೀಸ್ ಠಾಣೆಗೆ ಕಾಗದ ಬರೆದಿದ್ದರೆ ಅದು ದೂರೇ ಆಗಿರುತ್ತಿತ್ತು. ಈ ಸಲ ಬೇರೆ ಥರ ಬರೆಯೋಣ ಎಂದು ಮಂಗಳವಾರ ರಾತ್ರಿ ಗೇಟಿನ ಹತ್ತಿರ ನಿಂತು ಮಾತಾಡಿಕೊಂಡೆವು.

ಕಳೆದ ಶನಿವಾರ ಸಂಜೆಯಿಂದಲೇ ಶುರು ಮಾಡುತ್ತೇವೆ. ನಿಮ್ಮ ಠಾಣೆಯ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಚಿಕ್ಕ ನೋಟ್‌ಬುಕ್ ಹಿಡಿದು ಮನೆಮನೆಗೆ ಬಂದರು. 'ಯಾರ ಮನೇಲಾದ್ರೂ ಹುಷಾರಿಲ್ಲದವರು ಇದ್ದಾರಾ? ಸೋಮವಾರ ಯಾರಾದ್ರೂ ಆಸ್ಪತ್ರೆಗೆ ಹೋಗಲೇಬೇಕಾ?' ಇಷ್ಟೇ ಕೇಳಿದ್ದು. ಮೂಲೆಮನೆಯ ತಾತನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು, ಅದರಲ್ಲಿ ಸೋಮವಾರವೂ ಒಂದು. ಅದನ್ನು ಬರೆದುಕೊಂಡರು. ಬರೆದುಕೊಂಡಿದ್ದು ನೋಟ್‌ಬುಕ್‌ನಲ್ಲೇ ಉಳಿಯುತ್ತದೆ ಎಂದು ನಾವು ಅಂದುಕೊಂಡಿದ್ದೆವು.

ಸೋಮವಾರ ಬೆಳಿಗ್ಗೆ ತಾತ ಆಟೋ ಹತ್ತಿದಾಗ ಅವರೇ ಬಂದು ಆಟೋದ ಮುಂದೆ ನಡೆದರು. ವಿಷಲ್ ಊದಲಿಲ್ಲ, ಲಾಠಿ ಬೀಸಲಿಲ್ಲ. 'ಸ್ವಲ್ಪ ದಾರಿ ಬಿಡ್ರಪ್ಪಾ, ತಾತ ಆಸ್ಪತ್ರೆಗೆ ಹೋಗ್ತಿದ್ದಾರೆ' ಎನ್ನುತ್ತಾ ಹೆಜ್ಜೆ ಹಾಕಿದರು. ಜನ ತಾವೇ ಪಕ್ಕಕ್ಕೆ ಸರಿದರು. ಪೀಪಿ ಮಾರುವ ಹುಡುಗ ಕೂಡ ಪೀಪಿ ಊದುವುದನ್ನು ನಿಲ್ಲಿಸಿದ. ಕಾರಣ ಹೇಳಿದರೆ ನಮ್ಮ ಜನ ದಾರಿ ಬಿಡುತ್ತಾರೆ, ಅಲ್ವಾ? ಮಧ್ಯಾಹ್ನ ತಾತ ವಾಪಸ್ ಬರುವ ಹೊತ್ತಿಗೆ ಜನಸಂದಣಿ ಇನ್ನೂ ಜಾಸ್ತಿಯಾಗಿತ್ತು. ಆಗ ಬೇರೊಬ್ಬರು ಡ್ಯೂಟಿಯಲ್ಲಿದ್ದರು. ಅವರಿಗೂ ತಾತನ ವಿಷಯ ಗೊತ್ತಿತ್ತು. ಡ್ಯೂಟಿ ಬದಲಾಗುವಾಗ ಆ ನೋಟ್‌ಬುಕ್ಕೂ ಕೈ ಬದಲಾಯಿಸಿತ್ತು ಅಂತ ಕಾಣುತ್ತದೆ. ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ನಮ್ಮ ಅಡ್ಡರಸ್ತೆ ಮುಖ್ಯರಸ್ತೆಗೆ ಸೇರುವ ಕಡೆ ಸಂಜೆ ಆರರಿಂದ ಒಂಬತ್ತರವರೆಗೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ನಿಮ್ಮವರು ಹಗ್ಗ ಕಟ್ಟಿದ್ದರು. ದೇವಸ್ಥಾನಕ್ಕೆ ಹೋಗುವವರು ಹಗ್ಗದ ಈಚೆ, ಬರುವವರು ಆಚೆ. ಬಿಳಿ ಮೀಸೆಯ ಎಎಸ್ಐ ಒಬ್ಬರು ಅಲ್ಲಿ ಮೂರು ಗಂಟೆ ಹೊತ್ತು ನಿಂತೇ ಇದ್ದರು. ಮುಂದಿನವರಿಗೆ ಅವರು ಏನೂ ಹೇಳುತ್ತಲೇ ಇರಲಿಲ್ಲ. ಅಷ್ಟು ದೂರ ಹಿಂದೆ ಇದ್ದ ಸಿಬ್ಬಂದಿಗೆ ವಾಕಿಟಾಕಿಯಲ್ಲಿ ಮಾತಾಡುತ್ತಿದ್ದರು. ಯಾಕೆ ಹೀಗೆ ಎಂದು ನಮ್ಮಲ್ಲೊಬ್ಬರು ಕೇಳಿದಾಗ ಅವರು ಹೇಳಿದ್ದು: 'ಮುಂದಿರೋರಿಗೆ ನಿಲ್ಲಿ ಅಂದ್ರೆ ನಿಲ್ತಾರೆ ಮೇಡಂ. ಹಿಂದಿರೋರಿಗೆ ಅದು ಹೇಗೆ ಗೊತ್ತಾಗ್ಬೇಕು? ಅವ್ರು ತಳ್ತಾನೇ ಇರ್ತಾರೆ. ಅದಕ್ಕೆ ಹಿಂದಿನವರನ್ನ ಮೊದ್ಲು ತಡೀಬೇಕು.' ಇಷ್ಟು ವರ್ಷ ಪರಿಷೆಯಲ್ಲಿ ನೂಕಿಸಿಕೊಂಡಿದ್ದೇವೆ, ಈ ಸರಳ ವಿಷಯ ನಮಗೆ ಹೊಳೆದೇ ಇರಲಿಲ್ಲ.

ಅದೇ ಜಾಗದಲ್ಲಿ ಬೈಕಿನವನೊಬ್ಬ ಬಂದು ಕೂಗಾಡಿದ. ಅವನು ಹನುಮಂತನಗರದ ಕಡೆ ಹೋಗಬೇಕಿತ್ತಂತೆ. ಮಾತು ಸ್ವಲ್ಪ ಒರಟಾಗಿಯೇ ಇತ್ತು. ಎಎಸ್ಐ ಅವರು ಪೂರ್ತಿ ಕೇಳಿಸಿಕೊಂಡರು. 'ನಿಮ್ಮ ಜಾಗದಲ್ಲಿ ನಾನಿದ್ರೂ ರೇಗ್ತಿದ್ದೆ ಸಾರ್. ಬೈಕ್ ತಿರುಗಿಸೋಕೆ ನಾನೇ ಜಾಗ ಮಾಡ್ಕೊಡ್ತೀನಿ ಬನ್ನಿ' ಎಂದು ಹ್ಯಾಂಡಲ್‌ಗೆ ಕೈ ಹಾಕಿದರು. ಅವನಿಗೆ ಮುಂದೆ ಜಗಳವಾಡಲು ಏನೂ ಸಿಗಲಿಲ್ಲ.

ಚಿಂತಾಮಣಿ ಕಡೆಯಿಂದ ಬಂದ ವ್ಯಾಪಾರದ ಅಜ್ಜಿಯ ಕಡಲೆಕಾಯಿ ಮೂಟೆ ರಸ್ತೆ ಮಧ್ಯೆ ಬಿಚ್ಚಿಕೊಂಡಿತು. ಇಬ್ಬರು ಕಾನ್‌ಸ್ಟೆಬಲ್‌ಗಳು ಬ್ಯಾರಿಕೇಡ್ ಅಡ್ಡ ಇಟ್ಟು, ಅಜ್ಜಿಯ ಜೊತೆ ಕೂತು ಬಾಚಿ ತುಂಬಿಸಿದರು. ಅಜ್ಜಿ ಒಂದು ಸೇರು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಇಬ್ಬರೂ ಒಂದೊಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡ ಮೇಲೇ ಅಜ್ಜಿ ಬಿಟ್ಟಿದ್ದು.

ಒಂದು ಮಗು ತಪ್ಪಿಸಿಕೊಂಡಿತ್ತು. ಅಮ್ಮನ ಹೆಸರು ಕೇಳಿದರೆ 'ಅಮ್ಮ' ಅನ್ನುತ್ತಿತ್ತು. ನಿಮ್ಮವರು ಅದನ್ನು ನಮ್ಮ ಜಗಲಿಯ ಮೇಲೆ ಕೂರಿಸಿ, ಗಾಬರಿಯಿಲ್ಲದ ದನಿಯಲ್ಲಿ ಮೈಕಿನಲ್ಲಿ ಹೇಳಿದರು. ಇಪ್ಪತ್ತು ನಿಮಿಷದಲ್ಲಿ ತಾಯಿ ಬಂದರು. ಆ ಮಗುವಿನದೇ ಫೋಟೋ ತಾಯಿಯ ಫೋನಿನಲ್ಲಿದೆಯಾ ಎಂದು ನೋಡಿಕೊಂಡೇ ನಿಮ್ಮವರು ಮಗುವನ್ನು ಕೈಗೆ ಕೊಟ್ಟರು.

ಬರೀ ಹೊಗಳಿಕೆ ಎಂದು ಅಂದುಕೊಳ್ಳಬೇಡಿ, ನಮ್ಮ ತಪ್ಪೂ ಒಂದಿದೆ. ನಮ್ಮ ಬೀದಿಯ ಒಬ್ಬರು ತಿರುವಿನಲ್ಲೇ ಕಾರು ನಿಲ್ಲಿಸಿದ್ದರು. ನಿಮ್ಮವರು ಅವರನ್ನು ಹುಡುಕಿಸಿ ಕರೆಸಿದರು, ಕಾರು ತೆಗೆಸಿದರು, ದಂಡವನ್ನೂ ಹಾಕಿದರು. ಬೈಯಲಿಲ್ಲ ಅಷ್ಟೇ. ರಸೀದಿ ಕೊಟ್ಟು 'ಹಬ್ಬ ಚೆನ್ನಾಗಿ ಮಾಡಿ ಸಾರ್' ಅಂದರಂತೆ. ಈ ಕಾಗದಕ್ಕೆ ಮೊದಲು ಸಹಿ ಹಾಕಿದವರು ಅವರೇ.

ಇವರ ಹೆಸರುಗಳನ್ನು ಬರೆಯೋಣ ಎಂದರೆ ನಮಗೆ ಗೊತ್ತಿಲ್ಲ. ಕೇಳಿದೆವು. 'ಹೆಸರು ಯಾಕೆ ಬಿಡಿ, ಇದು ಡ್ಯೂಟಿ' ಎಂದು ನಕ್ಕರು. ಶನಿವಾರ ನೋಟ್‌ಬುಕ್ ಹಿಡಿದು ಬಂದವರು, ಸೋಮವಾರ ಮಧ್ಯಾಹ್ನ ಅವರ ಜಾಗಕ್ಕೆ ಬಂದವರು, ಸಂಜೆ ಹಗ್ಗದ ಹತ್ತಿರ ನಿಂತಿದ್ದ ಎಎಸ್ಐ, ಮೂಟೆ ತುಂಬಿಸಿದ ಇಬ್ಬರು, ಮಗುವನ್ನು ನೋಡಿಕೊಂಡವರು. ನಿಮ್ಮ ಡ್ಯೂಟಿ ಪಟ್ಟಿ ನೋಡಿದರೆ ಯಾರೆಂದು ತಿಳಿಯುತ್ತದೆ. ಇವರ ಸೇವಾ ಪುಸ್ತಕದಲ್ಲಿ ಒಳ್ಳೆಯ ಕೆಲಸದ ನಮೂದು ಮಾಡಿಸಿ, ಬೆಳಗಿನ ರೋಲ್ ಕಾಲ್‌ನಲ್ಲಿ ಈ ಕಾಗದವನ್ನು ಒಮ್ಮೆ ಓದಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಇನ್ನೊಂದು ಮಾತು. ಅಷ್ಟು ಹೊತ್ತು ನಿಂತಿದ್ದ ಮಹಿಳಾ ಸಿಬ್ಬಂದಿ ಬಾತ್‌ರೂಮ್‌ಗೆ ಎಲ್ಲಿ ಹೋಗಬೇಕು ಎಂಬುದು ನಮ್ಮ ತಲೆಗೆ ಹೊಳೆದದ್ದು ರಾತ್ರಿ ಎಂಟಕ್ಕೆ. ಕರೆದಾಗಲೂ ಅವರು ಸಂಕೋಚದಿಂದಲೇ ಒಳಗೆ ಬಂದರು. ಮುಂದಿನ ಪರಿಷೆಗೆ ನಮ್ಮ ಬೀದಿಯ ಎರಡು ಮನೆಗಳ ನೆಲಮಹಡಿಯ ಬಾತ್‌ರೂಮು ಮತ್ತು ಒಂದು ಕೋಣೆ ಎಲ್ಲಾ ದಿನವೂ ನಿಮ್ಮ ಸಿಬ್ಬಂದಿಗೆ ತೆರೆದಿರುತ್ತದೆ. ಕುಡಿಯುವ ನೀರು, ಮಜ್ಜಿಗೆ, ಕೂರಲು ಕುರ್ಚಿ ನಾವು ಇಡುತ್ತೇವೆ. ಮೂಲೆಮನೆಯ ತಾತ ಕಾಫಿ ನನ್ನ ಲೆಕ್ಕ ಅಂದಿದ್ದಾರೆ. ಯಾರಿಗೆ ಹೇಳಬೇಕೆಂದು ಮುಂಚೆಯೇ ತಿಳಿಸಿದರೆ ಬೀಗದ ಕೈ ಅವರ ಕೈಗೇ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಬುಲ್ ಟೆಂಪಲ್ ರಸ್ತೆ ಪಕ್ಕದ ಅಡ್ಡರಸ್ತೆಯ ನಿವಾಸಿಗಳು

(23 ಮನೆಗಳವರ ಸಹಿ ಜೊತೆಗಿರುವ ಹಾಳೆಯಲ್ಲಿದೆ. ಕೊನೆಯಲ್ಲಿ ಹಸಿರು ಕ್ರೇಯಾನ್‌ನಲ್ಲಿ ಇರುವುದು ಎರಡನೇ ಕ್ಲಾಸಿನ ಹುಡುಗಿ ಬರೆದ ಬಸವಣ್ಣನ ಚಿತ್ರ. ಪಕ್ಕದಲ್ಲಿ ಟೊಪ್ಪಿ ಹಾಕಿಕೊಂಡಿರುವವರು ನಿಮ್ಮವರು.)