ಬೆಲ್ಲ, ಸಲಾಯಿನ್, ಬಿಪಿ ಗುಳಿಗೆ: ಕೇಳಿದ್ದೆಲ್ಲ ನಿಜವಾ? (ವಿಡಿಯೋ ಸ್ಕ್ರಿಪ್ಟ್)

[ಮಹಾಲಿಂಗಪುರದ ಹತ್ತಿರ ಒಂದು ಗಾಣ. ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ.]

ನಮಸ್ಕಾರ ರೀ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇವತ್ತು ಹೇಳುವುದನ್ನೆಲ್ಲ ಒಬ್ಬ ಎಂ.ಡಿ. ಡಾಕ್ಟರು ಓದಿ, ತಿದ್ದಿಕೊಟ್ಟಿದ್ದಾರೆ. ಆದರೂ ಇದು ಎಲ್ಲರಿಗೂ ಅನ್ವಯಿಸುವ ಮಾಹಿತಿ ಅಷ್ಟೇ. ನಿಮ್ಮ ಔಷಧಿಯ ವಿಷಯ ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ.

[ತೆರೆಯ ಮೇಲೆ: "ಶುಗರ್ ಇದ್ದವರು ಬೆಲ್ಲ ತಿನ್ನಬಹುದು"]

ಈ ಮಾತು ಎಲ್ಲ ಮನೆಯಲ್ಲೂ ಇದೆ, ಅಲ್ವಾ? ಚಹಾಕ್ಕೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡು ನಿಶ್ಚಿಂತೆಯಾಗಿ ಕುಡಿಯುವವರನ್ನು ನಾನು ದಿನಾ ನೋಡ್ತೀನಿ. ಈ ಕಡಾಯಿ ನೋಡಿ. ಕಬ್ಬಿನ ಹಾಲು ಕುದಿಸಿ, ಮೇಲೆ ಬಂದ ಹೊಲಸು ತೆಗೆದು, ನೀರು ಆರಿಸಿ ಗಟ್ಟಿ ಮಾಡಿದರೆ ಬೆಲ್ಲ. ಅದೇ ಹಾಲನ್ನು ಕಾರ್ಖಾನೆಯಲ್ಲಿ ಶುದ್ಧ ಮಾಡಿ ಹರಳು ಮಾಡಿದರೆ ಸಕ್ಕರೆ. ಎರಡರಲ್ಲೂ ಬಹುಪಾಲು ಇರುವುದು ಸುಕ್ರೋಸ್ ಎಂಬ ಒಂದೇ ಪದಾರ್ಥ.

[ಬೆಲ್ಲದ ಪೆಂಟಿ ಹತ್ತಿರದಿಂದ]

ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣದ ಅಂಶ, ಬೇರೆ ಲವಣಗಳು ಇವೆ. ಅದು ಸುಳ್ಳಲ್ಲ. ಆದರೆ ಬೆಲ್ಲ ತಿಂದರೂ ರಕ್ತದಲ್ಲಿ ಶುಗರ್ ಏರುತ್ತದೆ. ಹಾಗಂತ ಬೆಲ್ಲ ವಿಷ ಅಂತ ನಾನು ಹೇಳುತ್ತಿಲ್ಲ, ನಮ್ಮ ಭಾಗದ ಎಷ್ಟೋ ರೈತರ ಬದುಕು ಇದರ ಮೇಲೇ ನಿಂತಿದೆ, ಹಬ್ಬಕ್ಕೆ ಹೋಳಿಗೆ ಬೇಡ ಅಂತಲೂ ಅಲ್ಲ. ಶುಗರ್ ಇದ್ದವರು ಬೆಲ್ಲವನ್ನೂ ಸಕ್ಕರೆಯ ಲೆಕ್ಕದಲ್ಲೇ ಹಿಡಿಯಬೇಕು. ಎಷ್ಟು ತಿನ್ನಬಹುದು ಅನ್ನುವುದನ್ನು ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರು ಹೇಳಲಿ. ಇನ್ನೊಂದು, ಇನ್ಸುಲಿನ್ ಅಥವಾ ಗುಳಿಗೆ ತಗೊಳ್ಳುವವರಿಗೆ ಶುಗರ್ ಒಮ್ಮೆಲೆ ಇಳಿದಾಗ ಸಿಹಿ ಕೊಡಬೇಕಾಗುತ್ತದೆ. ಅದು ಬೇರೆ ವಿಷಯ, ಈ ವಿಡಿಯೋ ನೋಡಿ ಅದನ್ನು ನಿಲ್ಲಿಸಬೇಡಿ.

[ತೆರೆಯ ಮೇಲೆ: "ಸಲಾಯಿನ್ ಹಚ್ಚಿದರೆ ಶಕ್ತಿ ಬರುತ್ತದೆ"]

"ಡಾಕ್ಟ್ರೇ, ಭಾಳ ವೀಕ್ ಆಗೇನ್ರಿ, ಒಂದು ಸಲಾಯಿನ್ ಹಚ್ಚಿಬಿಡ್ರಿ." ಹಳ್ಳಿಯ ದವಾಖಾನೆಯಲ್ಲಿ ಕೂತರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ.

[ಖಾಲಿ ಬಾಟಲಿಯ ಲೇಬಲ್ ಮೇಲೆ ಬೆರಳು]

ಇಲ್ಲಿ ಓದಿ: ಸೋಡಿಯಂ ಕ್ಲೋರೈಡ್, 0.9%. ಸೋಡಿಯಂ ಕ್ಲೋರೈಡ್ ಅಂದರೆ ಉಪ್ಪು. 500 ಮಿ.ಲೀ. ಬಾಟಲಿಯಲ್ಲಿ 4.5 ಗ್ರಾಂ ಉಪ್ಪು, ಉಳಿದದ್ದು ನೀರು. ಇದರಲ್ಲಿ ಒಂದು ಕ್ಯಾಲೋರಿಯೂ ಇಲ್ಲ. ಗ್ಲೂಕೋಸ್ ಬಾಟಲಿ ಅಂತೀರಾ? 5% ಇರುವ 500 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್, ಸುಮಾರು 85 ಕ್ಯಾಲೋರಿ. ಒಂದು ಜೋಳದ ರೊಟ್ಟಿಯಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ!

ಹಾಗಾದರೆ ಸಲಾಯಿನ್ ಸುಮ್ನೆ ನೀರಾ? ಖಂಡಿತ ಅಲ್ಲ. ವಾಂತಿ-ಭೇದಿಯಾಗಿ ಮೈಯಲ್ಲಿ ನೀರೇ ಇಲ್ಲದಾದಾಗ, ಏನು ಕುಡಿದರೂ ನಿಲ್ಲದಿದ್ದಾಗ, ಆಪರೇಷನ್ ಹೊತ್ತಿನಲ್ಲಿ ಅದು ಜೀವ ಉಳಿಸುತ್ತದೆ. ಡಾಕ್ಟರು ಬೇಕು ಅಂದರೆ ದಯವಿಟ್ಟು ಬೇಡ ಅನ್ನಬೇಡಿ. ಅವರು ಬೇಡ ಅಂದಾಗ ಹಟ ಮಾಡಿ ಹಚ್ಚಿಸಿಕೊಳ್ಳಬೇಡಿ ಅನ್ನುವುದಷ್ಟೇ ನನ್ನ ಮಾತು, ಯಾಕೆಂದರೆ ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಬೇಡದ ನೀರು-ಉಪ್ಪು ಮೈಯಲ್ಲಿ ತುಂಬಿ ಉಸಿರಾಟಕ್ಕೇ ಕಷ್ಟವಾಗಬಹುದು. ಇನ್ನು ಸುಸ್ತಿಗೆ ಕಾರಣ ರಕ್ತ ಕಡಿಮೆ ಇರುವುದೋ, ಥೈರಾಯಿಡ್ಡೋ, ಶುಗರ್ರೋ? ಅದನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು, ಬಾಟಲಿ ಹೇಳುವುದಿಲ್ಲ.

ಬರೀ ಭೇದಿ ಇದ್ದು, ಕುಡಿಯಲು ಆಗುತ್ತಿದ್ದರೆ ಓಆರ್‌ಎಸ್ ಇದೆ. ಪ್ಯಾಕೆಟ್ ಮೇಲೆ 1 ಲೀಟರ್ ಅಂತಿದ್ದರೆ ಪೂರ್ತಿ ಪುಡಿಯನ್ನು ಪೂರ್ತಿ 1 ಲೀಟರ್ ಕುಡಿಯುವ ನೀರಿಗೇ ಹಾಕಿ. ಲೋಟಕ್ಕೆ ಇಷ್ಟಿಷ್ಟು ಅಂದಾಜಿನ ಮೇಲೆ ಬೇಡ. ಕೂಸು ಮಂಕಾಗಿದ್ದರೆ, ಉಚ್ಚೆ ಹೋಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡ ಮಾಡದೆ ದವಾಖಾನೆಗೆ ಹೋಗಿ.

[ತೆರೆಯ ಮೇಲೆ: "ಬಿಪಿ ಗುಳಿಗೆ ಚಟ ಹಿಡಿಸುತ್ತದೆ"]

ಇಲ್ಲ, ಇದು ಚಟ ಅಲ್ಲ. ಬಿಪಿ ಜಾಸ್ತಿ ಇದ್ದರೂ ಎಷ್ಟೋ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಗುಳಿಗೆ ತಗೊಂಡಾಗ ಬಿಪಿ ಸರಿ ಇರುವುದು ಆ ಗುಳಿಗೆ ಕೆಲಸ ಮಾಡುತ್ತಿರುವುದಕ್ಕೇ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ದಿನಾ ನಡೆದಾಡಿ ಬಿಪಿ ಇಳಿದರೆ ಡಾಕ್ಟರೇ ಡೋಸ್ ಕಡಿಮೆ ಮಾಡಬಹುದು. ನೀವಾಗಿಯೇ ಬಿಡಬೇಡಿ. ಬಿಟ್ಟವರಿಗೆ ಲಕ್ವಾ ಹೊಡೆಯುವ ಅಪಾಯ ಜಾಸ್ತಿ.

[ಕ್ಯಾಮೆರಾ ನೇರ ಮುಖಕ್ಕೆ]

ನಿಮಗೆ ಬಂದ ಫಾರ್ವರ್ಡ್ ಮೆಸೇಜುಗಳನ್ನು ಕೆಳಗೆ ಹಾಕಿ, ಹುಡುಕಿ ನೋಡ್ತೀನಿ. ರಿಪೋರ್ಟ್ ಮಾತ್ರ ಕಳಿಸಬೇಡಿ. ಅದನ್ನು ನೋಡಿ ಔಷಧಿ ಹೇಳುವ ಹಕ್ಕು ನನಗಿಲ್ಲ. ಮುಂದಿನ ವಿಡಿಯೋ ಹಾವು ಕಡಿತದ ಬಗ್ಗೆ. ಅದು ಬರುವುದರೊಳಗೆ ಯಾರಿಗಾದರೂ ಹಾವು ಕಡಿದರೆ ಗಾಯ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ.